ಕರಗಬೇಕು, ಆದರೆ ದಾರಿಯಲ್ಲಿ ಒಡೆಯಬಾರದು: ಹನ್ನೊಂದು ಇಂಚಿನ ಒಂದು ಮಣ್ಣಿನ ಗಣಪನ ಪ್ರಕರಣ

ಮಂಡ್ಯ ಜಿಲ್ಲೆಯ ಒಂದು ಕುಂಬಾರ ಕುಟುಂಬ. ತಲೆಮಾರುಗಳಿಂದ ಗೌರಿ-ಗಣೇಶ ಮಾಡಿ ಊರಿನವರಿಗೆ, ಸುತ್ತಲಿನ ಸಂತೆಗಳಿಗೆ ಕೊಟ್ಟುಕೊಂಡು ಬಂದವರು. 2024ರ ಹಬ್ಬಕ್ಕೆ ಮೊದಲ ಸಲ ಆನ್‌ಲೈನ್‌ನಲ್ಲಿ ಮಾರಾಟಕ್ಕಿಟ್ಟರು. ಆಗ ಹಾಕಿದ ವಿವರ ಇಷ್ಟೇ ಇತ್ತು: "ಪರಿಸರಸ್ನೇಹಿ ಮಣ್ಣಿನ ಗಣಪತಿ. ಎತ್ತರ 12 ಇಂಚು. ನೀರಿನ ಬಣ್ಣ. ಸುರಕ್ಷಿತ ಪ್ಯಾಕಿಂಗ್. ಮನೆಯಲ್ಲೇ ವಿಸರ್ಜಿಸಬಹುದು."

ಹಬ್ಬ ಮುಗಿಯುವಷ್ಟರಲ್ಲಿ ಈ ಐದು ವಾಕ್ಯಗಳಲ್ಲಿ ಒಂದೊಂದಕ್ಕೂ ದೂರು ಬಂದಿತ್ತು. ಎತ್ತರ ಅಳೆದರೆ ಹನ್ನೊಂದೇ ಇಂಚು ಅಂದವರಿದ್ದರು. ಪೆಟ್ಟಿಗೆ ತೆಗೆದಾಗ ಕಿವಿ ಮುರಿದಿತ್ತು ಅಂದವರು ಇನ್ನೂ ಹೆಚ್ಚು. ಎಲ್ಲಕ್ಕಿಂತ ನೋವಿನಿಂದ ಬಂದದ್ದು ಹುಬ್ಬಳ್ಳಿಯ ಮನೆಯೊಂದರ ಫೋನ್: "ಅಣ್ಣಾರ, ನಿನ್ನೆ ಮುಂಜಾನಿಂದ ಬಕೆಟ್‌ನ್ಯಾಗ ಐತ್ರಿ. ಮೈ ಎಲ್ಲಾ ಕರಗೇತಿ, ಕೈ ಎರಡೂ ಹಂಗ ಉಳದಾವ, ಕಿರೀಟದ ಬಣ್ಣ ಮ್ಯಾಲ ತೇಲಾಕತ್ತೇತಿ. ಇದನ್ನ ತುಳಸಿ ಬುಡಕ್ಕ ಹೆಂಗ ಹಾಕೂದ್ರಿ?"

ಕುಟುಂಬದ ಹಿರಿಯರಿಗೆ ಈ ಮಾತು ಬಹಳ ಹತ್ತಿತು. ಮಣ್ಣಲ್ಲದ್ದನ್ನು ಮಣ್ಣು ಎಂದು ಮಾರಿದೆವೇ ಎಂಬ ಸಂಕಟ ಅವರದು. 2025ರ ಹಬ್ಬಕ್ಕೆ ವಿವರ ಹೊಸದಾಗಿ ಬರೆದುಕೊಡಿ ಎಂದು ನನ್ನನ್ನು ಕರೆದಾಗ, ಬರೆಯುವ ಮೊದಲು ಮೂರ್ತಿಯನ್ನೇ ಪರೀಕ್ಷಿಸೋಣ ಎಂದು ಕೂತೆವು. ಆ ಪರೀಕ್ಷೆಯಲ್ಲಿ ಕಂಡದ್ದರ ವಿವರ ಇದು.

ಮೊದಲು ಮಣ್ಣಿನ ವಿಷಯ. "ಮಣ್ಣಿನ ಮೂರ್ತಿ" ಎಂದರೆ ಕೊಳ್ಳುವವರಿಗೆ ಒಂದೇ ಅರ್ಥ, ನೀರಲ್ಲಿ ಕರಗುವುದು. ಆದರೆ ಸುಟ್ಟ ಮಣ್ಣೂ ಮಣ್ಣೇ. ಆವಿಗೆಯಲ್ಲಿ ಸುಟ್ಟಾಗ ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಜೇಡಿಯ ಕಣಗಳ ಒಳಗೇ ಸೇರಿಕೊಂಡಿದ್ದ ನೀರಿನಂಶ ಹೊರಟುಹೋಗುತ್ತದೆ. ಆಮೇಲೆ ಅದು ಮತ್ತೆ ಕೆಸರಾಗುವುದಿಲ್ಲ. ಟೆರಾಕೋಟ ಗಣಪನನ್ನು ವರ್ಷಗಟ್ಟಲೆ ನೀರಲ್ಲಿಟ್ಟರೂ ಗಣಪನಾಗಿಯೇ ಇರುತ್ತಾನೆ. ಆದ್ದರಿಂದ ವಿವರದಲ್ಲಿ ಮೊದಲು ಬರಬೇಕಾದ ಪದ "ಸುಡದ". ಬರೀ "ಮಣ್ಣಿನ" ಎಂದು ಬರೆದ ವಿವರ ಅರ್ಧ ವಿವರ.

ಸುಡದೆ ಚೆನ್ನಾಗಿ ಒಣಗಿಸಿದ ಜೇಡಿ ನೀರಿಗೆ ಬಿದ್ದಾಗ ನೀರು ಸೂಕ್ಷ್ಮ ರಂಧ್ರಗಳಲ್ಲಿ ನುಗ್ಗುತ್ತದೆ. ಒಳಗೆ ಸಿಕ್ಕಿಬಿದ್ದ ಗಾಳಿ ಹೊರಗೆ ತಳ್ಳುತ್ತದೆ, ಗುಳ್ಳೆ ಏಳುತ್ತದೆ, ಮೈ ಪದರ ಪದರವಾಗಿ ಕಳಚಿ ಬೀಳುತ್ತದೆ. ಕರಗುವುದು ಎಂದು ನಾವು ಹೇಳುವುದು ಇದನ್ನೇ. ನಿಜಕ್ಕೂ ಅದು ಬಿಡಿಸಿಕೊಳ್ಳುವುದು. ಹಾಗಾಗಿ ಪೂರ್ತಿ ಒಣಗಿದ ಮೂರ್ತಿ ಬೇಗ ಬಿಡುತ್ತದೆ, ಒಳಗೆ ಇನ್ನೂ ಹಸಿ ಇರುವ ಮೂರ್ತಿ ನಿಧಾನ. ಕೇಳಲು ತಿರುಗುಮುರುಗು ಅನ್ನಿಸಿದರೂ ಹಸಿ ಮುದ್ದೆಯನ್ನೂ ಒಣ ಮುದ್ದೆಯನ್ನೂ ಎರಡು ಲೋಟದಲ್ಲಿ ಹಾಕಿ ನೋಡಿದವರಿಗೆ ತಿಳಿಯುತ್ತದೆ.

ನಾವೂ ಲೋಟದ ಪರೀಕ್ಷೆಯನ್ನೇ ಮಾಡಿದೆವು. ಹಿಂದಿನ ವರ್ಷ ಮಿಕ್ಕಿದ್ದ ಒಂದು ಮೂರ್ತಿಯ ಪೀಠದಿಂದ ಒಂದು ಚೂರು, ಕೈಯಿಂದ ಒಂದು ಚೂರು ಮುರಿದು ಬೇರೆ ಬೇರೆ ಲೋಟದ ನೀರಿಗೆ ಹಾಕಿದೆವು. ಪೀಠದ ಚೂರು ಕೂಡಲೇ ಗುಳ್ಳೆ ಬಿಟ್ಟು, ಒಂದು ಗಂಟೆಯೊಳಗೆ ತಳದಲ್ಲಿ ಕೆಸರಿನ ಗುಡ್ಡೆಯಾಯಿತು. ಕೈಯ ಚೂರು ಮರುದಿನ ಬೆಳಿಗ್ಗೆಯೂ ಆಕಾರ ಬಿಟ್ಟಿರಲಿಲ್ಲ. ಒತ್ತಿದರೆ ಮೆತ್ತಗೆ ರಬ್ಬರಿನಂತೆ ಬಾಗುತ್ತಿತ್ತು, ಸುತ್ತ ಬೆಳ್ಳಗೆ ಲೋಳೆ. ಕೇಳಿದಾಗ ಸಂಗತಿ ಹೊರಬಂತು. ಕೈ ಮುರಿಯದಿರಲಿ ಎಂದು ಆ ಭಾಗದ ಮಣ್ಣಿಗೆ ಮಾತ್ರ ಮರಗೆಲಸದ ಬಿಳಿ ಅಂಟು ಕಲಸುತ್ತಿದ್ದರು, ಒಳಗೆ ತೆಳುವಾದ ಕಟ್ಟುತಂತಿ ಇಡುತ್ತಿದ್ದರು. ಸಂತೆಯಲ್ಲಿ ಕೈಯಿಂದ ಕೈಗೆ ಹೋಗುವಾಗ ಇದರ ಅಗತ್ಯ ಇರಲಿಲ್ಲವಂತೆ. ಕೊರಿಯರ್‌ಗೆ ಕೊಡಬೇಕಲ್ಲ ಎಂದು ಆ ವರ್ಷ ಹೊಸದಾಗಿ ಶುರು ಮಾಡಿದ್ದು.

ಇಡೀ ಪ್ರಕರಣದ ಗಂಟು ಇಲ್ಲೇ ಇದೆ. ಸುಡದ ಮಣ್ಣನ್ನು ಕರಗಿಸುವ ಗುಣವೇ ಅದನ್ನು ಒಡೆಯುವಂತೆಯೂ ಮಾಡುತ್ತದೆ. ಗಟ್ಟಿ ಮಾಡಲು ಏನು ಸೇರಿಸಿದರೂ, ಅಂಟಾಗಲಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗಲಿ, ಮೇಲೆ ವಾರ್ನಿಷ್ ಆಗಲಿ, ವಿಸರ್ಜನೆಯಲ್ಲಿ ಅದರ ಲೆಕ್ಕ ತೀರಿಸಬೇಕಾಗುತ್ತದೆ. ಆದ್ದರಿಂದ ಪ್ಯಾಕಿಂಗ್ ಸಮಸ್ಯೆಯನ್ನು ಮಣ್ಣಿನೊಳಗೆ ಬಿಡಿಸಲು ಹೋಗಬಾರದು, ಪೆಟ್ಟಿಗೆಯಲ್ಲೇ ಬಿಡಿಸಬೇಕು. ಇದನ್ನು ಒಪ್ಪಿಕೊಂಡ ಮೇಲೆ ಉಳಿದ ನಿರ್ಧಾರಗಳು ತಾವಾಗಿ ಒಂದೊಂದೇ ಬಂದವು.

ತಂತಿಯ ಬದಲು ತೆಂಗಿನ ಗರಿಯ ಕಡ್ಡಿ ಇಟ್ಟರೆ ಹೇಗೆ ಎಂಬ ಮಾತು ಬಂತು. ಕಡ್ಡಿ ಮಣ್ಣಿಗೆ ಸೇರುವ ವಸ್ತು, ನಿಜ. ಆದರೆ ಮಣ್ಣು ಒಣಗುವಾಗ ಕುಗ್ಗುತ್ತದೆ, ಒಳಗಿನ ಕಡ್ಡಿ ಕುಗ್ಗುವುದಿಲ್ಲ, ಅದರ ಸುತ್ತ ಮಣ್ಣು ಬಿಗಿದು ಬಿರುಕು ಬಿಡುತ್ತದೆ. ಕೊನೆಗೆ ಹಿರಿಯರೇ ದಾರಿ ಹೇಳಿದರು: "ಕೈ ಹೊರಗೆ ಚಾಚಿದ್ರೆ ತಾನೇ ಮುರಿಯೋದು. ಒಳಕ್ಕೆ ತರಾನ." ಅಭಯಹಸ್ತವನ್ನು ಎದೆಗೆ ತಾಗಿಸಿದರು. ಮೋದಕದ ಕೈ ತೊಡೆಯ ಮೇಲೆ ಕೂತಿತು, ಸೊಂಡಿಲು ಹೊಟ್ಟೆಗೆ ಒರಗಿತು, ಪಾಶ-ಅಂಕುಶದ ಹಿಂಗೈಗಳು ಭುಜದ ಹಿಂದಿನ ಚಿಕ್ಕ ಪ್ರಭಾವಳಿಗೆ ಅಂಟಿಕೊಂಡವು. ಗಾಳಿಯಲ್ಲಿ ನಿಂತ ಭಾಗ ಎಂದರೆ ಕಿವಿಗಳ ಅಂಚು ಮಾತ್ರ. ಅಲ್ಲಿಗೆ ಒಂದು ಇಂಚಿನಷ್ಟುದ್ದ ಕತ್ತರಿಸಿದ ಸೆಣಬಿನ ನಾರನ್ನು ಮಣ್ಣಿಗೆ ಕಲಸಿದರು. ನಾರು ಬಿರುಕನ್ನು ಹಿಡಿದುಕೊಳ್ಳುತ್ತದೆ, ನೀರಿನಲ್ಲಿ ಮಣ್ಣು ಬಿಡುವುದನ್ನು ತಡೆಯುವುದಿಲ್ಲ, ಗಿಡದ ಬುಡದಲ್ಲಿ ಕೊಳೆಯುತ್ತದೆ. ಒಳಗೆ ಪೊಳ್ಳು ಬಿಟ್ಟು, ಗೋಡೆ ಸುಮಾರು ಒಂದು ಇಂಚು ದಪ್ಪ ಇಟ್ಟು, ತಳದಲ್ಲಿ ಎರಡು ಬೆರಳು ಹೋಗುವಷ್ಟು ತೂತು ಇಟ್ಟರು. ತೂತಿನಿಂದ ಒಣಗುವಾಗ ಒಳಗಿನ ತೇವ ಹೊರಬರುತ್ತದೆ, ವಿಸರ್ಜನೆಯಲ್ಲಿ ನೀರು ಒಳಗಿನಿಂದಲೂ ಹೋಗಿ ಮೈ ಎರಡೂ ಕಡೆಯಿಂದ ಬಿಡುತ್ತದೆ.

ಎತ್ತರದ ದೂರಿಗೆ ಕಾರಣ ಸರಳ. ಹನ್ನೆರಡು ಇಂಚು ಅಚ್ಚಿನ ಅಳತೆ. ಅವರ ಕೆರೆಮಣ್ಣು ಒಣಗಿದಾಗ ನೂರಕ್ಕೆ ಎಂಟರಷ್ಟು ಕುಗ್ಗುತ್ತದೆ, ಹನ್ನೆರಡರದ್ದು ಹನ್ನೊಂದಾಗುತ್ತದೆ. ಯಾರೂ ಮೋಸ ಮಾಡಿರಲಿಲ್ಲ, ಅಳೆದ ಹೊತ್ತು ತಪ್ಪಾಗಿತ್ತು. ಈಗ ಒಣಗಿ ಬಣ್ಣ ಹಚ್ಚಿದ ಮೇಲೆ, ನೆಲದಿಂದ ಕಿರೀಟದ ತುದಿಯವರೆಗೆ ಅಳೆಯುತ್ತಾರೆ. ಆದರೆ ಎತ್ತರ ಒಂದೇ ಸಾಲದು. ಕೊಳ್ಳುವವರಿಗೆ ಎರಡು ಜಾಗ ಹೊಂದಬೇಕು, ಒಂದು ಮಂಟಪ, ಇನ್ನೊಂದು ಬಕೆಟ್. ಪೀಠದ ಅಗಲ 8 ಇಂಚು ಎಂದು ಗೊತ್ತಾದರೆ ಮನೆಯ 20 ಲೀಟರಿನ ಬಕೆಟ್ಟಿನಲ್ಲಿ ಕೂರುತ್ತಾನೋ ಇಲ್ಲವೋ ಅವರೇ ನೋಡಿಕೊಳ್ಳುತ್ತಾರೆ. ಫೋಟೋದಲ್ಲಿ ಪಕ್ಕಕ್ಕೆ ಒಂದು ಕಳಶದ ಚೊಂಬು ಇಟ್ಟೆವು, ಅದರ ಗಾತ್ರ ಎಲ್ಲರ ಕಣ್ಣಿಗೂ ಗೊತ್ತು. ಹಾಗೆಯೇ ಸೊಂಡಿಲು ಎಡಮುರಿ ಎಂದು ಬರಹದಲ್ಲೂ ಹಾಕಿದೆವು. ಕೆಲವು ಮೊಬೈಲ್ ಕ್ಯಾಮೆರಾಗಳಲ್ಲಿ, ಮುಖ್ಯವಾಗಿ ಮುಂದಿನ ಕ್ಯಾಮೆರಾದಲ್ಲಿ, ಚಿತ್ರ ಕನ್ನಡಿಯಂತೆ ತಿರುಗಿ ಉಳಿಯುತ್ತದೆ. ಎಡಮುರಿ ಬಲಮುರಿಯಾಗಿ ಕಾಣುತ್ತದೆ. ಬಲಮುರಿಗೆ ಮಡಿ ಹೆಚ್ಚು ಎಂದು ಹಿಂಜರಿಯುವ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ.

ಬಣ್ಣಕ್ಕೆ ಬಂದಾಗ ಹಳೆಯ ವಿವರದ "ನೀರಿನ ಬಣ್ಣ" ಎಂಬ ಮಾತೇ ದಾರಿ ತಪ್ಪಿಸಿತ್ತು. ನೀರಲ್ಲಿ ಕಲಸಿ ಹಚ್ಚುವ ಬಣ್ಣಗಳೆಲ್ಲ ಮತ್ತೆ ನೀರಲ್ಲಿ ಬಿಡುವುದಿಲ್ಲ. ಅಕ್ರಿಲಿಕ್ ಬಣ್ಣವನ್ನು ನೀರಿನಲ್ಲೇ ಕಲಸುತ್ತಾರೆ, ಆದರೆ ಒಣಗಿದ ಮೇಲೆ ಅದು ಪ್ಲಾಸ್ಟಿಕ್ಕಿನ ಪೊರೆ. ಗೋಡೆಗೆ ಬಳಿಯುವ ಎಮಲ್ಷನ್ ಕೂಡ ಹಾಗೆಯೇ. ಹುಬ್ಬಳ್ಳಿಯ ಬಕೆಟ್ಟಿನಲ್ಲಿ ತೇಲಿದ್ದು ಕಿರೀಟದ ಚಿನ್ನದ ಬಣ್ಣ. ಅದು ಎಣ್ಣೆ ಆಧಾರಿತ ಬಣ್ಣ, ಅದರ ಮೇಲೆ ಹೊಳಪಿಗೆ ವಾರ್ನಿಷ್. ಇಂಥ ಪೊರೆ ಎರಡು ಕೆಡುಕು ಮಾಡುತ್ತದೆ. ತಾನು ಕರಗುವುದಿಲ್ಲ, ಒಳಗಿನ ಮಣ್ಣಿಗೆ ನೀರು ತಾಗದಂತೆ ರಂಧ್ರಗಳನ್ನೂ ಮುಚ್ಚುತ್ತದೆ. ಎನಾಮೆಲ್ ಬಣ್ಣಗಳಲ್ಲಿ ಸೀಸ, ಕ್ರೋಮಿಯಂನಂಥ ಭಾರಲೋಹ ಇರುವ ಸಾಧ್ಯತೆ ಬೇರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲಿ ಹೊರಡಿಸಿ 2020ರಲ್ಲಿ ಪರಿಷ್ಕರಿಸಿದ ಮೂರ್ತಿ ವಿಸರ್ಜನೆಯ ಮಾರ್ಗಸೂಚಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಜೊತೆಗೆ ಇಂಥ ವಿಷಕಾರಿ ಬಣ್ಣಗಳನ್ನೂ ಬೇಡ ಎನ್ನುವುದು ಇದಕ್ಕೇ.

ಗುರುತಿಸಲು ಒದ್ದೆ ಹತ್ತಿ ಸಾಕು. ಹತ್ತಿಯಿಂದ ಮೆಲ್ಲಗೆ ಉಜ್ಜಿದಾಗ ಬಣ್ಣ ಹತ್ತಿಗೆ ಬಂದರೆ ಅದು ನೀರಲ್ಲಿ ಬಿಡುವ ಬಣ್ಣ. ಹತ್ತಿ ಬಿಳಿಯಾಗಿಯೇ ಉಳಿದರೆ ಅದು ಅಕ್ರಿಲಿಕ್, ಎನಾಮೆಲ್ ಅಥವಾ ಮೇಲೆ ವಾರ್ನಿಷ್ ಇರುವುದು. ಕಿವಿ, ವಸ್ತ್ರ, ಕಿರೀಟ, ಆಭರಣ ಎಲ್ಲ ಕಡೆ ಬೇರೆ ಬೇರೆಯಾಗಿ ಉಜ್ಜಿ ನೋಡಬೇಕು. ಮೈಗೆ ಒಂದು ಬಣ್ಣ, ಆಭರಣಕ್ಕೆ ಇನ್ನೊಂದು ಹಚ್ಚುವುದು ಎಲ್ಲ ಕಡೆ ರೂಢಿ.

ಹೊಸ ಮೂರ್ತಿಗೆ ಮೈಯನ್ನು ಮಣ್ಣಿನ ಬಣ್ಣದಲ್ಲೇ ಬಿಟ್ಟರು. ವಸ್ತ್ರಕ್ಕೆ ಕೆಮ್ಮಣ್ಣು, ಕಣ್ಣಿಗೆ ದೀಪದ ಕಾಡಿಗೆ, ದಂತಕ್ಕೆ ಸೀಮೆಸುಣ್ಣದ ಪುಡಿ, ಎಲ್ಲವನ್ನೂ ಹಿಡಿದಿಡಲು ಹುಣಸೆ ಬೀಜದ ಅಂಟು. ಕಿರೀಟಕ್ಕೆ ಅರಿಶಿನ ಹಚ್ಚುವ ಆಸೆ ಮನೆಯ ಹೆಣ್ಣುಮಕ್ಕಳಿಗಿತ್ತು. ಮೊದಲ ಮಾದರಿಯಲ್ಲಿ ಸುಣ್ಣದ ತಳಬಣ್ಣದ ಮೇಲೆ ಅರಿಶಿನ ಬಿದ್ದು, ಆರತಿಯ ತಟ್ಟೆಯಲ್ಲಿ ಆಗುವ ಹಾಗೆಯೇ ಕೆಂಪಾಯಿತು. ಸುಣ್ಣದ ಕ್ಷಾರಕ್ಕೆ ಅರಿಶಿನ ಕೆಂಪಾಗದೆ ಇರುವುದಿಲ್ಲ. ತಳಕ್ಕೆ ಸುಣ್ಣ ಬಿಟ್ಟು ಸೀಮೆಸುಣ್ಣ ಬಳಸಿದ ಮೇಲೆ ಹಳದಿ ನಿಂತಿತು. ಆದರೂ ಅರಿಶಿನ ಬಿಸಿಲಿಗೆ ಬೇಗ ಮಾಸುತ್ತದೆ. ಕೊನೆಗೆ ಹಳದಿ ಮಣ್ಣಿನ ಮೇಲೆ ಅಭ್ರಕದ ಪುಡಿಯನ್ನು ಅಂಟಿನಲ್ಲಿ ಕಲಸಿ ಹಚ್ಚಿದರು. ಎಣ್ಣೆ ಬಣ್ಣದ ಮಿರುಗು ಅದರಲ್ಲಿ ಇಲ್ಲ, ದೀಪದ ಬೆಳಕಿಗೆ ಮಿನುಗುತ್ತದೆ. ನನಗೆ ಇದೇ ಚೆಂದ ಕಂಡಿತು.

ಇಂಥ ಬಣ್ಣದ ಮಿತಿಯನ್ನೂ ವಿವರದಲ್ಲಿ ಹೇಳಲೇಬೇಕು. ಒದ್ದೆ ಕೈ ತಾಗಿದರೆ ಬಣ್ಣ ಅಂಟುತ್ತದೆ. ಮೂರ್ತಿಗೆ ನೇರವಾಗಿ ಪಂಚಾಮೃತ ಅಭಿಷೇಕ ಮಾಡುವಂತಿಲ್ಲ. ಹೂವಿನಿಂದ ಪ್ರೋಕ್ಷಣೆ ಮಾಡಿ, ಅಭಿಷೇಕಕ್ಕೆ ಪಕ್ಕದಲ್ಲಿ ಲೋಹದ ಚಿಕ್ಕ ಗಣಪನನ್ನೋ ಅರಿಶಿನದ ಗಣಪನನ್ನೋ ಇಟ್ಟುಕೊಳ್ಳುವುದು ಮಣ್ಣಿನ ಮೂರ್ತಿ ಇಡುವ ಬಹಳ ಮನೆಗಳಲ್ಲಿ ನಡೆದುಬಂದಿದೆ. ಇದನ್ನು ಮೊದಲೇ ಬರೆದರೆ ಹಬ್ಬದ ಬೆಳಿಗ್ಗೆ ಯಾರಿಗೂ ಗಾಬರಿ ಇಲ್ಲ.

ಇನ್ನು ಪೆಟ್ಟಿಗೆ. ಪ್ಯಾಕ್ ಮಾಡುವ ಮುಂಚೆ ಮೂರ್ತಿ ಪೂರ್ತಿ ಒಣಗಿರಬೇಕು, ಆಷಾಢ-ಶ್ರಾವಣದ ಮಳೆಯಲ್ಲಿ ಅದು ಸುಲಭವಲ್ಲ. ಕೆನ್ನೆಗೆ ತಾಗಿಸಿದಾಗ ತಣ್ಣಗಿದ್ದರೆ ಒಳಗಿನ್ನೂ ತೇವ ಇದೆ ಎಂಬುದು ಹಿರಿಯರ ಲೆಕ್ಕ. ತೇವ ಆರುವಾಗ ಮೈ ತಂಪಾಗುವುದರಿಂದ ಆ ಲೆಕ್ಕ ಸರಿಯೇ. ಜೊತೆಗೆ ತಕ್ಕಡಿಯಲ್ಲಿಟ್ಟು, ತೂಕ ಇಳಿಯುವುದು ನಿಂತ ಮೇಲೆ ಬಣ್ಣಕ್ಕೆ ಕೊಟ್ಟರು. ಅರೆಹಸಿ ಮೂರ್ತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಒಳಗೆ ನೀರು ಹನಿಗಟ್ಟಿ ಮೈ ಮೆತ್ತಗಾಗುತ್ತದೆ. ಬಬಲ್ ಶೀಟನ್ನು ಬಣ್ಣದ ಮೇಲೆ ನೇರವಾಗಿ ಸುತ್ತಿದರೆ ಅದರ ಗುಂಡು ಗುಂಡು ಅಚ್ಚು ಬಣ್ಣದ ಮೇಲೆ ಮೂಡುತ್ತದೆ. ಆದ್ದರಿಂದ ಮೊದಲ ಸುತ್ತು ಮೆತ್ತನೆಯ ಬಿಳಿ ಕಾಗದ.

ಹಿಂದಿನ ವರ್ಷ ಕಿವಿ ಮುರಿಯುತ್ತಿದ್ದದ್ದು ಮೆತ್ತನೆಯ ವಸ್ತು ಕಡಿಮೆಯಾಗಿ ಅಲ್ಲ. ಕಿವಿಯ ಸುತ್ತಲೂ ಕಾಗದ ಗಿಡಿದು ತುಂಬಿದ್ದರಿಂದ ಪೆಟ್ಟಿಗೆಗೆ ಬಿದ್ದ ಪ್ರತಿ ಪೆಟ್ಟೂ ಆ ಕಾಗದದ ಮೂಲಕ ಕಿವಿಗೇ ಹೋಗುತ್ತಿತ್ತು. ಭಾರ ಹೊರಬೇಕಾದವು ಪೀಠ, ಹೊಟ್ಟೆ, ಬೆನ್ನು. ಕಿವಿ, ಸೊಂಡಿಲು, ಕಿರೀಟಕ್ಕೆ ಏನೂ ತಾಗಬಾರದು. ಈಗ ದಪ್ಪ ರಟ್ಟಿನ ತಳದಲ್ಲಿ ಪೀಠದ ಆಕಾರ ಕತ್ತರಿಸಿ ಮೂರ್ತಿಯನ್ನು ಅದರೊಳಗೆ ಕೂರಿಸುತ್ತಾರೆ. ಸುತ್ತ ಕಿರೀಟಕ್ಕಿಂತ ಅರ್ಧ ಇಂಚು ಎತ್ತರದ ರಟ್ಟಿನ ಕವಚ ನಿಲ್ಲಿಸುತ್ತಾರೆ. ಪೆಟ್ಟಿಗೆ ತಲೆಕೆಳಗಾಗಿ ಬಿದ್ದರೂ ಭಾರ ಕವಚದ ಮೂಲಕ ತಳದ ರಟ್ಟಿಗೆ ಹೋಗುತ್ತದೆ, ಕಿರೀಟಕ್ಕಲ್ಲ. ಹೊಟ್ಟೆ ಮತ್ತು ಬೆನ್ನಿನ ಮಟ್ಟದಲ್ಲಿ ಮಾತ್ರ ಕಾಗದದ ಗಟ್ಟಿ ಉಂಡೆಗಳು. ಇದೆಲ್ಲ ಒಳಪೆಟ್ಟಿಗೆ. ಅದರ ಹೊರಗೆ ಎಲ್ಲ ಕಡೆ ಒಂದೂವರೆ ಇಂಚು ಬಿಟ್ಟು ಐದು ಪದರದ ಹೊರಪೆಟ್ಟಿಗೆ, ನಡುವೆ ಒತ್ತಿ ತುಂಬಿದ ಕಾಗದ. ಸಣ್ಣಗೆ ಸೀಳಿದ ಕಾಗದ ಲಾರಿಯ ಕುಲುಕಾಟಕ್ಕೆ ಕುಸಿದು ಮೇಲೆ ಖಾಲಿ ಜಾಗ ಬಿಡುತ್ತದೆ, ಹಿಸುಕಿದ ಉಂಡೆಗಳೇ ಮೇಲು. ಹುಲ್ಲು ಮಳೆಗಾಲದಲ್ಲಿ ತೇವ ಎಳೆದು ಬೂಷ್ಟು ಹಿಡಿಯುವುದರಿಂದ ಬಿಟ್ಟೆವು. ಬಾಣದ ಗುರುತು ಹಾಕಿದ್ದೇವೆ, ಆದರೆ ಅದನ್ನು ಯಾರೂ ನೋಡುವುದಿಲ್ಲ ಎಂದುಕೊಂಡೇ ಪೆಟ್ಟಿಗೆ ಕಟ್ಟಬೇಕು. ಸೊಂಟದೆತ್ತರದಿಂದ ತಳ, ಬದಿ, ಮೂಲೆ, ತಲೆ ಹೀಗೆ ಎಲ್ಲ ಕಡೆಯಿಂದ ಬೀಳಿಸಿ ನೋಡಿದ ಮೇಲೆಯೇ ಈ ಕಟ್ಟನ್ನು ಒಪ್ಪಿಕೊಂಡದ್ದು.

ಹೊರಪೆಟ್ಟಿಗೆಯನ್ನು ಇನ್ನಷ್ಟು ದೊಡ್ಡದು ಮಾಡಬಾರದೇ ಎಂಬ ಪ್ರಶ್ನೆ ಸಹಜ. ಅಡ್ಡಿ ಮಾಡುವುದು ಕೊರಿಯರ್ ಲೆಕ್ಕ. ಅವರು ನಿಜ ತೂಕ ಮತ್ತು ಗಾತ್ರದ ತೂಕ ಎರಡರಲ್ಲಿ ಹೆಚ್ಚಿನದಕ್ಕೆ ದುಡ್ಡು ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ರೂಢಿ. ನಮ್ಮ ಹೊರಪೆಟ್ಟಿಗೆ 16, 13, 12 ಇಂಚಿನದು, ಗಾತ್ರದ ತೂಕ ಸುಮಾರು 8.2 ಕಿಲೋ. ಒಳಗಿನ ಮೂರ್ತಿ 4 ಕಿಲೋ ಮಾತ್ರ. ಪ್ರತಿ ಅಳತೆಗೂ ಎರಡು ಇಂಚು ಸೇರಿಸಿದರೆ ಅದು 12 ಕಿಲೋ ದಾಟುತ್ತದೆ. ಕೈಗಳನ್ನು ಒಳಕ್ಕೆ ತಂದದ್ದರ ಲಾಭ ಇಲ್ಲಿಯೂ ಸಿಕ್ಕಿತು, ಮೂರ್ತಿ ಕಿರಿದಾದಂತೆ ಪೆಟ್ಟಿಗೆಯೂ ಕಿರಿದಾಯಿತು.

ವಿಸರ್ಜನೆಯನ್ನು ಇಡೀ ಮೂರ್ತಿಯ ಮೇಲೆಯೇ ನೋಡಿದೆವು. ಹೂ, ಹಾರ, ಜನಿವಾರ, ಗೆಜ್ಜೆವಸ್ತ್ರ ತೆಗೆದು ಕಿರೀಟ ಮುಳುಗುವಷ್ಟು ನೀರಿನಲ್ಲಿ ಸಂಜೆ ಕೂರಿಸಿದ್ದು ಮರುದಿನ ಬೆಳಿಗ್ಗೆಗೆ ಕೆಸರಾಗಿತ್ತು. ಅಲ್ಲಲ್ಲಿ ಉಳಿದ ಹೆಂಟೆ ಕೈಯಲ್ಲಿ ಹಿಸುಕಿದರೆ ಬಿಡುತ್ತಿತ್ತು, ಮೇಲೆ ಏನೂ ತೇಲಲಿಲ್ಲ. ವಿವರದಲ್ಲಿ "ಒಂದು ರಾತ್ರಿಯಿಂದ ಒಂದು ದಿನ" ಎಂದು ಬರೆದೆವು. ಎರಡು ಗಂಟೆ ಎಂದು ಬರೆಯುವವರಿದ್ದಾರೆ. ಅಂಗೈ ಗಾತ್ರದ ಗಣಪನಿಗೆ ಅದು ಸರಿ, ಈ ಗಾತ್ರಕ್ಕಲ್ಲ. ಕೆಸರನ್ನು ಬಚ್ಚಲಿಗೆ ಸುರಿದರೆ ಕೊಳವೆ ಕಟ್ಟುತ್ತದೆ. ಮಣ್ಣು ತಳಕ್ಕೆ ಇಳಿದ ಮೇಲೆ ಮೇಲಿನ ನೀರನ್ನು ಗಿಡಕ್ಕೆ ಹಾಕಿ, ಕೆಸರನ್ನು ಬೇರೆ ಮಣ್ಣು ಗೊಬ್ಬರದೊಂದಿಗೆ ಕಲಸಿ ಹಾಕಬೇಕು. ಬರೀ ಜೇಡಿಯನ್ನೇ ಕುಂಡಕ್ಕೆ ತುಂಬಿದರೆ ಅದು ಗಟ್ಟಿಯಾಗಿ ಬೇರಿಗೆ ಗಾಳಿ ಸಿಗುವುದಿಲ್ಲ.

ಕೊನೆಗೆ ಹಾಕಿದ ವಿವರ ಹೀಗಿದೆ:

"ಸುಡದ ಕೆರೆಮಣ್ಣಿನ ಗಣಪತಿ, ಎಡಮುರಿ. ಕಿವಿಯ ಭಾಗದಲ್ಲಿ ಸೆಣಬಿನ ನಾರು ಸೇರಿದೆ. ಮಣ್ಣಿನೊಳಗೆ ತಂತಿ, ಅಂಟು, ಪ್ಲಾಸ್ಟರ್ ಇಲ್ಲ. ಒಣಗಿದ ಮೇಲಿನ ಎತ್ತರ ಪೀಠ ಸೇರಿ 11 ಇಂಚು, ಪೀಠದ ಅಗಲ 8 ಇಂಚು, ತೂಕ ಸುಮಾರು 4 ಕಿಲೋ. ಕೈಕೆಲಸವಾದ್ದರಿಂದ ಅರ್ಧ ಇಂಚು ಹೆಚ್ಚುಕಡಿಮೆ ಇರಬಹುದು. ಬಣ್ಣಕ್ಕೆ ಕೆಮ್ಮಣ್ಣು, ಹಳದಿ ಮಣ್ಣು, ಸೀಮೆಸುಣ್ಣ, ಕಾಡಿಗೆ, ಅಭ್ರಕ, ಹುಣಸೆ ಬೀಜದ ಅಂಟು ಬಳಸಿದೆ. ವಾರ್ನಿಷ್ ಇಲ್ಲ. ಒದ್ದೆ ಕೈ ತಾಗಿದರೆ ಬಣ್ಣ ಬಿಡುತ್ತದೆ, ನೇರ ಅಭಿಷೇಕ ಬೇಡ. ಎರಡು ಪೆಟ್ಟಿಗೆಗಳ ಪ್ಯಾಕಿಂಗ್. ತೆಗೆಯುವಾಗ ಕಿವಿ, ಸೊಂಡಿಲು ಹಿಡಿಯದೆ ಪೀಠದ ಕೆಳಗೆ ಕೈ ಹಾಕಿ ಎತ್ತಿ. 20 ಲೀಟರಿನ ಬಕೆಟ್‌ನಲ್ಲಿ ಒಂದು ರಾತ್ರಿಯಿಂದ ಒಂದು ದಿನದಲ್ಲಿ ಕರಗುತ್ತದೆ. ಭಿನ್ನವಾಗಿ ಬಂದರೆ ಅದೇ ದಿನ ಫೋಟೋ ಕಳಿಸಿ, ಬೇರೆ ಮೂರ್ತಿ ಕಳಿಸುತ್ತೇವೆ."

"ಪರಿಸರಸ್ನೇಹಿ" ಎಂಬ ಪದ ಇದರಲ್ಲಿ ಎಲ್ಲಿಯೂ ಇಲ್ಲ. ಒಳಗೇನಿದೆ, ಏನಿಲ್ಲ ಎಂದು ಹೇಳಿದ ಮೇಲೆ ಓದುವವರೇ ತೀರ್ಮಾನಿಸುತ್ತಾರೆ.

ಕೊನೆಯ ಸಾಲಿನ ಭರವಸೆ ಬರೆಯುವುದು ಸುಲಭ, ನಡೆಸುವುದು ಕಷ್ಟ. ಭಿನ್ನವಾದ ಮೂರ್ತಿಯನ್ನು ಪೂಜೆಗೆ ಇಡುವುದಿಲ್ಲ, ಚೌತಿ ಕಳೆದ ಮೇಲೆ ಬಂದ ಬದಲಿ ಮೂರ್ತಿಯಿಂದ ಯಾರಿಗೂ ಪ್ರಯೋಜನವಿಲ್ಲ. 2025ರಲ್ಲಿ ಚೌತಿ ಆಗಸ್ಟ್ 27ಕ್ಕೆ ಬಿತ್ತು. ಒಂದು ಸಲ ಕಳಿಸಿ, ಒಡೆದರೆ ಮತ್ತೊಮ್ಮೆ ಕಳಿಸಲು ಸಮಯ ಉಳಿಯಬೇಕಾದ್ದರಿಂದ ಹತ್ತು ದಿನ ಮೊದಲೇ ಆರ್ಡರ್ ನಿಲ್ಲಿಸಿದರು. ಆ ಹತ್ತು ದಿನಗಳಲ್ಲಿ ಬಂದ ಕರೆಗಳಿಗೆ ಇಲ್ಲ ಎನ್ನುವುದು ಮನೆಯವರಿಗೆ ಸುಲಭವಾಗಲಿಲ್ಲ. ಆ ಹಬ್ಬದಲ್ಲೂ ಕೆಲವು ಕಿವಿಗಳು ಮುರಿದವು, ಹಿಂದಿನ ವರ್ಷಕ್ಕಿಂತ ಬಹಳ ಕಡಿಮೆ, ಎಲ್ಲರಿಗೂ ಬದಲಿ ಹಬ್ಬದೊಳಗೆ ತಲುಪಿತು. ನಿಂತ ಭಂಗಿಯ, ಬಿಡಿ ಕೈಗಳ ಗೌರಿಯನ್ನು ಮಾತ್ರ ಕೊರಿಯರ್‌ಗೆ ಹಾಕಲಿಲ್ಲ. "ಮನೆಗೆ ಬಂದು ಒಯ್ಯುವವರಿಗೆ ಮಾತ್ರ" ಎಂದು ವಿವರದಲ್ಲೇ ಬರೆದರು. 2026ರ ಚೌತಿ ಸೆಪ್ಟೆಂಬರ್ 14ಕ್ಕೆ ಇದೆ. ನೆರಳಿನಲ್ಲಿ ಒಣಗಲು ಮಳೆಗಾಲದಲ್ಲಿ ಎರಡು-ಮೂರು ವಾರ ಬೇಕಾಗುವುದರಿಂದ, ಕೊರಿಯರ್‌ಗೆ ಹೋಗುವ ಕೊನೆಯ ಮೂರ್ತಿ ಜುಲೈ ಮುಗಿಯುವುದರೊಳಗೆ ಅಚ್ಚಿನಿಂದ ಹೊರಬಂದಿರಬೇಕು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾರೆ.